ಮುಂಗಾರು ಸೀಸನ್ ಕಿಕಾಫ್‌ನಲ್ಲಿ ಟಾರ್ಗೆಟ್ ಹೇಳೋದು ಹೇಗೆ?

ಕೇಳಿದವರು: ಬಿತ್ತನೆ ಬೀಜದ ಕಂಪನಿಯಲ್ಲಿ ಈ ವರ್ಷ ರೀಜನಲ್ ಹೆಡ್ ಆದೆ. ದಾವಣಗೆರೆ, ಚಿತ್ರದುರ್ಗ ಎರಡೂ ನನ್ನವೇ. ಸೀಸನ್‌ಗೆ ಮುಂಚೆ ದಾವಣಗೆರೆಯ ಹೋಟೆಲೊಂದರಲ್ಲಿ ಕಿಕಾಫ್ ಮೀಟಿಂಗ್. ಮೊದಲ ಇಪ್ಪತ್ತು ನಿಮಿಷ ನಾನು ಮಾತಾಡಿ ಮೆಕ್ಕೆಜೋಳದ ಟಾರ್ಗೆಟ್ ಹೇಳಬೇಕು. ತಂಡದಲ್ಲಿ ನನಗಿಂತ ಹಿರಿಯರಿದ್ದಾರೆ. ಹೆಡ್‌ಮಾಸ್ಟರ್ ಪಾಠದ ಹಾಗೆ ಕೇಳಿಸಬಾರದು. ಇಂಥದ್ದನ್ನು ಮಾಡಿದವರು ಹೇಳ್ತೀರಾ?

ಬೀಜ ಕಂಪನಿಯಲ್ಲಿ ರೀಜನಲ್ ಮ್ಯಾನೇಜರ್ ಆಗಿದ್ದು ನಿವೃತ್ತನಾದವನು, ದಾವಣಗೆರೆ: ನಂಬರ್ ಅನ್ನು ಕೊನೆಗೆ ಇಟ್ಕೋಬೇಡಿ. ಹಾಲ್‌ಗೆ ಬಂದವರೆಲ್ಲ ಕಾಯ್ತಿರೋದು ಅದೊಂದಕ್ಕೇ. ಅದು ಕಿವಿಗೆ ಬೀಳೋವರೆಗೆ ನೀವು ಮಾರುಕಟ್ಟೆ, ಸ್ಪರ್ಧೆ, ಕಂಪನಿಯ ಕನಸು ಅಂತ ಏನೇ ಹೇಳಿದರೂ ಒಳಗೆ ಇಳಿಯೋದಿಲ್ಲ. ನಮಸ್ಕಾರ ಹೇಳಿ ಎರಡನೇ ನಿಮಿಷಕ್ಕೆ ನಂಬರ್ ಹೇಳಿಬಿಡಿ. ಉಳಿದ ಹೊತ್ತೆಲ್ಲ ಆ ನಂಬರ್ ಎಲ್ಲಿಂದ ಬಂತು, ಅದು ಹಳ್ಳಿ ಮಟ್ಟದಲ್ಲಿ ಏನು ಅನ್ನೋದಕ್ಕೆ ಇರಲಿ.

ನಮ್ಮ ಧಂದೆಯಲ್ಲಿ ಒಂದು ಎಚ್ಚರ ಬೇಕು. ಮೇ, ಜೂನ್‌ನಲ್ಲಿ ಡೀಲರ್ ಅಂಗಡಿಗೆ ಇಳಿಸಿದ ಮಾಲೆಲ್ಲ ಸೇಲ್ ಅಲ್ಲ. ಬಿತ್ತನೆ ಮುಗಿದ ಮೇಲೆ ಉಳಿದ ಪ್ಯಾಕೆಟ್ ವಾಪಸ್ ಬರುತ್ತೆ. ಟಾರ್ಗೆಟ್ ಅನ್ನು ಕಳಿಸಿದ ಲೆಕ್ಕದ ಮೇಲೆ ಕಟ್ಟಿದರೆ ಹಿರಿಯರು ಮನಸ್ಸಲ್ಲೇ ನಗ್ತಾರೆ, ಯಾಕೆಂದರೆ ಆ ನಂಬರ್ ಮುಟ್ಟೋಕೆ ಅಂಗಡಿಯಲ್ಲಿ ಮಾಲು ತುಂಬಿದರೆ ಸಾಕು ಅಂತ ಅವರಿಗೆ ಗೊತ್ತು. ಆಗಸ್ಟ್ ಹೊತ್ತಿಗೆ ಅದೇ ಮಾಲು ನಿಮ್ಮ ತಲೆ ಮೇಲೆ. ಹಾಗಾಗಿ ರಿಟರ್ನ್ ಕಳೆದು ಉಳಿದ ನಂಬರ್ ಮೇಲೆ ಮಾತಾಡಿ.

ಜಗಳೂರು ಕಡೆಯ ಒಂದು ಟೆರಿಟರಿಯ ಲೆಕ್ಕ ಅಂದುಕೊಳ್ಳಿ. ಹೋದ ವರ್ಷ ಕಳಿಸಿದ್ದು 8,000 ಪ್ಯಾಕೆಟ್, ವಾಪಸ್ ಬಂದದ್ದು 2,400. ನೆಲಕ್ಕೆ ಬಿದ್ದದ್ದು 5,600. ಈ ವರ್ಷ ನಿಮಗೆ ಬೇಕಾದದ್ದು 6,500. ‘ಶೇ. 16 ಗ್ರೋತ್’ ಅಂದರೆ ಎಲ್ಲರ ಮುಖ ಗಂಟಾಗುತ್ತೆ. ಅದನ್ನೇ ಹೀಗೆ ಹೇಳಿ: ಹೆಚ್ಚು ಬೇಕಾದದ್ದು 900 ಪ್ಯಾಕೆಟ್. ನಾಲ್ಕು ಕೆಜಿ ಪ್ಯಾಕೆಟ್ ಎಕರೆಗೆ ಎರಡು ಅಂದರೆ 450 ಎಕರೆ. ಆ ಟೆರಿಟರಿಯಲ್ಲಿ ಮೆಕ್ಕೆಜೋಳದ ದೊಡ್ಡ ಹಳ್ಳಿ ಮೂವತ್ತು ಇದ್ದರೆ ಹಳ್ಳಿಗೆ ಹದಿನೈದು ಎಕರೆ. ತಲಾ ಎರಡೆರಡೂವರೆ ಎಕರೆ ಹಾಕೋ ರೈತರು ಆರೇಳು ಜನ. ಬೇರೆ ಕಂಪನಿ ಬೀಜ ಹಾಕ್ತಿದ್ದ ಆ ಆರೇಳು ಜನ ಯಾರು ಅನ್ನೋದು ಈಗ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇಲ್ಲ, ಅವರ ಹತ್ತಿರ ಇದೆ. ಮಾತು ತಾನಾಗೇ ನಿಮ್ಮ ಕೈಯಿಂದ ಅವರ ಕೈಗೆ ಹೋಗೋದು ಅಲ್ಲಿ.

ಬಿಸ್ಕತ್, ಸೋಪು ಮಾರುವ ಕಂಪನಿಯ ಏರಿಯಾ ಮ್ಯಾನೇಜರ್, ಚಿತ್ರದುರ್ಗ: ಇಷ್ಟೆಲ್ಲ ಗಣಿತ ಯಾಕೆ ಸಾರ್? ನೀವು ನಂಬರ್ ಹೇಳಲೇಬೇಡಿ. ಒಂದೊಂದು ಹಾಳೆ ಕೊಡಿ, ಅವರ ಟಾರ್ಗೆಟ್ ಅವರೇ ಬರೀಲಿ. ತಾವೇ ಬರೆದದ್ದಕ್ಕೆ ಆಮೇಲೆ ಕಾರಣ ಹೇಳೋಕಾಗಲ್ಲ. ನಮ್ಮಲ್ಲಿ ಪ್ರತಿ ಕ್ವಾರ್ಟರ್ ಹೀಗೇ ಮಾಡ್ತೀವಿ.

ಆ್ಯಂಕರಿಂಗ್ ಮಾಡುವವಳು, ಹರಿಹರ: ಓಪನಿಂಗ್ ಮುಖ್ಯ ಕಣ್ರೀ. ದೀಪ ಬೆಳಗಿಸಿ, ಒಂದು ಒಳ್ಳೆ ಭಾವಗೀತೆ ಹಾಡಿಸಿ, ಆಮೇಲೆ ಒಂದು ಜೋಕ್. ಊಟಕ್ಕೆ ಬೆಣ್ಣೆದೋಸೆ ಕೌಂಟರ್ ಇಡಿಸಿ. ಹಾಲ್ ಡೆಕೋರೇಷನ್ ಬೇಕಿದ್ದರೆ ನಾನು ವ್ಯವಸ್ಥೆ ಮಾಡಿಕೊಡ್ತೀನಿ.

ಫೀಲ್ಡ್‌ನಲ್ಲಿರುವವನು, ಚಳ್ಳಕೆರೆ: ಅಕ್ಕಾರ, ದೋಸೆ ಬಿಡಲ್ಲ, ತಿಂತೀವಿ. ಆದ್ರ ಕೇಳ್ತಿರೋದು ಟಾರ್ಗೆಟ್ ಬಗ್ಗೆ ಐತ್ರಿ.

ನಾ ಎದುರು ಕುಂತು ಕೇಳೋ ಕಡೆಯವನು, ಆ ಕಡೆಯಿಂದ ಹೇಳ್ತೀನಿ. ಎಲ್ಲಾ ಟೆರಿಟರಿ ಒಂದೇ ಸ್ಲೈಡಿನಾಗ ಹಾಕಿ ಒಂದನೇ ರ್‍ಯಾಂಕ್, ಎರಡನೇ ರ್‍ಯಾಂಕ್ ಅಂತ ಮಾಡಬ್ಯಾಡ್ರಿ. ಹರಿಹರದ ಕಡೀಗೆ ಭದ್ರಾ ಕಾಲುವೆ ನೀರು ಬರತೈತಿ. ಚನ್ನಗಿರಿಯಾಗ ಅಡಕೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನಾಗ ಮಳಿ ಕಣ್ಣಾಮುಚ್ಚಾಲೆ ಆಡತೈತಿ, ಶೇಂಗಾ ಹಾಕೋರೇ ಜಾಸ್ತಿ. ಎಲ್ಲಾರ್ಗೂ ಒಂದೇ ಪರ್ಸೆಂಟ್ ಇಟ್ರ ಕಡೀ ಹೆಸರು ನಮ್ಮದೇ ಅಂತ ಮೀಟಿಂಗಿಗೆ ಬರೋ ಮುಂಚೇನ ಗೊತ್ತಿರತೈತಿ. ಅಲ್ಲಿಗೆ ಕಿವಿ ಬಂದ್.

ಇನ್ನೊಂದು. ಹಾಲ್‌ನಾಗ ಮೊದಲನೇ ಪ್ರಶ್ನೆ ‘ಇನ್ಸೆಂಟಿವ್ ಸ್ಲ್ಯಾಬ್ ಯಾವಾಗ ಬರ್ತದ ಸರ್’ ಅಂತ ಬಂದ್ರ ನಿಮ್ಮ ನಂಬರ್ ಯಾರೂ ಒಪ್ಪಿಲ್ಲ ಅಂತ ತಿಳ್ಕೊಳ್ರಿ. ‘ಸರ್, ನಮ್ಮಲ್ಲಿ ಮೂವತ್ತು ಹಳ್ಳಿ ಎಲ್ಲೈತ್ರಿ, ಇಪ್ಪತ್ತೆರಡೇ’ ಅಂತ ಯಾರಾದ್ರೂ ಜಗಳಕ್ಕ ಬಂದ್ರ ಖುಷಿಪಡ್ರಿ. ಅವ ಲೆಕ್ಕ ಹಾಕಾಕತ್ತಾನ.

ನಿವೃತ್ತ ರೀಜನಲ್ ಮ್ಯಾನೇಜರ್: ಚಳ್ಳಕೆರೆಯವರ ಮಾತಿಗೆ ಮರುಮಾತಿಲ್ಲ. ಬಿಸ್ಕತ್‌ನವರು ಹೇಳಿದ್ದರಲ್ಲಿ ಅರ್ಧ ಸರಿ. ಅವರ ವ್ಯಾಪಾರದಲ್ಲಿ ಅಂಗಡಿಗೆ ವಾರವಾರ ಮಾಲು ಹೋಗುತ್ತೆ, ಈ ವಾರ ತಪ್ಪಿದರೆ ಮುಂದಿನ ವಾರ ತುಂಬಿಸಬಹುದು. ನಮಗೆ ಮಳೆ ಬಿದ್ದ ಮೇಲೆ ಕೆಲವೇ ವಾರ. ಖಾಲಿ ಹಾಳೆ ಕೊಟ್ಟರೆ ಬುದ್ಧಿವಂತ ಕಡಿಮೆ ಬರೆದು ಬಚಾವಾಗ್ತಾನೆ. ಹೊಸ ಹುಡುಗ ಉತ್ಸಾಹದಲ್ಲಿ ಜಾಸ್ತಿ ಬರೆದು ಸಿಕ್ಕಿಕೊಳ್ತಾನೆ. ಒಟ್ಟು ನಂಬರ್ ನಿಮ್ಮದಿರಲಿ. ಅದು ಯಾವ ಹಳ್ಳಿ, ಯಾವ ಡೀಲರ್ ಕೌಂಟರ್‌ನಿಂದ ಬರುತ್ತೆ ಅನ್ನೋದನ್ನು ಹಾಳೆಯಲ್ಲಿ ಅವರು ಬರೀಲಿ.

ಮತ್ತೆ, ನೀವು ಏನು ಕೊಡ್ತೀರಿ ಅನ್ನೋದನ್ನೂ ನಂಬರ್ ಹೇಳಿದ ಉಸಿರಲ್ಲೇ ಹೇಳಿ. ಓಡುವ ಹೈಬ್ರಿಡ್ ಇಂಥ ತಾರೀಖಿನೊಳಗೆ ಗೋಡೌನ್‌ನಲ್ಲಿರುತ್ತೆ, ಇಂಥ ಡೀಲರ್‌ಗಳ ಕ್ರೆಡಿಟ್ ಲಿಮಿಟ್ ಏರಿಸಿದ್ದೀನಿ, ಪ್ರಚಾರದ ಗಾಡಿ ಎಷ್ಟು ದಿನ ಸಿಗುತ್ತೆ. ಎರಡು ಮೂರು ಸಾಕು, ಆದರೆ ಮೇಲಿನವರಿಂದ ಒಪ್ಪಿಗೆ ಪಡೆದದ್ದನ್ನು ಮಾತ್ರ. ‘ನೀವು ಮಾಡಬೇಕು, ನೀವು ಮುಟ್ಟಬೇಕು’ ಅಂತಲೇ ವಾಕ್ಯ ಮುಗಿಸ್ತಾ ಹೋದರೆ ಅದೇ ಪಾಠ. ‘ಇದು ನನ್ನ ಪಾಲು’ ಅನ್ನೋದು ನಡುವೆ ಬಂದರೆ ಕೆಲಸದ ಮಾತಾಗುತ್ತೆ.

ಟ್ರಾಕ್ಟರ್ ಶೋರೂಂ ಸೇಲ್ಸ್ ಹೆಡ್, ದಾವಣಗೆರೆ: ಹಾಲ್‌ನಲ್ಲಿ ಮೊದಲ ಸಲ ಯಾರಿಗೂ ಅವರ ನಂಬರ್ ಕೇಳಿಸಬಾರದು. ಹಿಂದಿನ ವಾರವೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿಬಿಡಿ, ಹಿರಿಯರ ಮನೆಗೇ ಹೋಗಿ ಬನ್ನಿ. ಬೈಗುಳ ಏನಿದ್ದರೂ ಅಲ್ಲೇ ಮುಗಿಯುತ್ತೆ.

ನಿವೃತ್ತ ರೀಜನಲ್ ಮ್ಯಾನೇಜರ್: ಇದನ್ನು ನಾನು ಪೂರ್ತಿ ಒಪ್ಪಲ್ಲ. ಒಂದು ವಾರ ಮುಂಚೆ ಹೇಳಿದ ನಂಬರ್ ಮೂರನೇ ದಿನಕ್ಕೆ ಡೀಲರ್ ಬಾಯಲ್ಲಿರುತ್ತೆ. ‘ನಿಮಗೆ ಇಷ್ಟು ಮುಟ್ಟಿಸಲೇಬೇಕಂತಲ್ಲ, ಹಾಗಾದರೆ ಸ್ಕೀಮ್ ಜಾಸ್ತಿ ಕೊಡಿ’ ಅಂತ ಕೂತುಬಿಡ್ತಾನೆ. ಹೋದ ವರ್ಷದ ರಿಟರ್ನ್ ಲೆಕ್ಕವನ್ನು ಮಾತ್ರ ಮುಂಚೆ ಕಳಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ.

ಟ್ರಾಕ್ಟರ್ ಶೋರೂಂ ಸೇಲ್ಸ್ ಹೆಡ್: ಡೀಲರ್‌ಗೆ ಅಷ್ಟು ಸಲೀಸಾಗಿ ಹೇಳೋ ತಂಡ ಇದ್ದರೆ ತೊಂದರೆ ಟಾರ್ಗೆಟ್‌ದಲ್ಲ ಸಾರ್.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹೀಗೆ ಶುರು ಮಾಡೋಣ ಅಂತ ಬರ್ಕೊಂಡಿದ್ದೀನಿ: ‘ಹೋದ ವರ್ಷ ಎರಡೂ ಜಿಲ್ಲೆಯಲ್ಲಿ ನಾವು ಕಳಿಸಿದ್ದೆಷ್ಟು, ವಾಪಸ್ ಬಂದದ್ದೆಷ್ಟು, ಎರಡೂ ಈ ಬೋರ್ಡ್ ಮೇಲಿದೆ. ಈ ವರ್ಷ ರಿಟರ್ನ್ ಕಳೆದು ಬೇಕಾದ ನಂಬರ್ ಇದು. ಇದರಲ್ಲಿ ನನ್ನ ಪಾಲಿನ ಕೆಲಸ ಮೂರು, ಮೊದಲು ಅದನ್ನು ಹೇಳ್ತೀನಿ. ಆಮೇಲೆ ಹಳ್ಳಿ ಹೆಸರು ನೀವು ಹೇಳಿ.’ ಟೆರಿಟರಿವಾರು ನಂಬರ್ ಸ್ಲೈಡಿಗೆ ಹಾಕದೆ ಲಕೋಟೆಯಲ್ಲಿ ಕೊಡ್ತೀನಿ. ಉಳಿದಿರೋ ಚಿಂತೆ ಒಂದೇ. ಮಳೆ ಜುಲೈ ದಾಟಿದರೆ ಚಳ್ಳಕೆರೆ ಕಡೆಯ ನಂಬರ್ ಇಳಿಸ್ತೀನಿ ಅಂತ ಮೊದಲ ದಿನವೇ ಹೇಳಬೇಕಾ?

ಫೀಲ್ಡ್‌ನಲ್ಲಿರುವವನು, ಚಳ್ಳಕೆರೆ: ಹೇಳ್ರಿ ಸರ್. ಯಾವ ತಾರೀಖಿಗೆ ನೋಡ್ತೀರಿ ಅನ್ನೋದನ್ನೂ ಹೇಳ್ರಿ.

ಟ್ರಾಕ್ಟರ್ ಶೋರೂಂ ಸೇಲ್ಸ್ ಹೆಡ್: ಹೇಳಬೇಡಿ. ಜೂನ್‌ನಿಂದಲೇ ಎಲ್ಲರೂ ಮೋಡ ನೋಡ್ತಾ ಕೂರ್ತಾರೆ.