ಬುಕಿಂಗ್ ಆ್ಯಪ್‌ಗೆ ಒಂದು ಪುಟದ ವಿವರ: ನೀವು ಏನೇನು ಬರೆದಿರಿ?

ಕೇಳಿದವರು: ಫಿಸಿಯೋಥೆರಪಿ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡಿಸುತ್ತಿದ್ದೇನೆ. ಫ್ರೀಲ್ಯಾನ್ಸರ್ "ಏನು ಬೇಕೋ ಒಂದು ಪುಟದಲ್ಲಿ ಬರೆದುಕೊಡಿ" ಅಂದಿದ್ದಾರೆ. ಮಾಡಿಸಿದವರು ಹೇಳಿ.

ಹಲ್ಲಿನ ಡಾಕ್ಟರಮ್ಮ: ನಾನು ಅರ್ಧ ಪುಟ ಬರೀ ಟೈಮಿಗೇ ಕೊಟ್ಟೆ. ಚೆಕಪ್ 15 ನಿಮಿಷ, ರೂಟ್ ಕೆನಾಲ್ 60, ನಡುವೆ ಕುರ್ಚಿ ಒರೆಸೋಕೆ 10. ಡಾಕ್ಟರು ಇಬ್ಬರು, ಕುರ್ಚಿ ಒಂದೇ. ಈ ಕೊನೆಯ ಸಾಲು ಇಲ್ಲದಿದ್ದರೆ 11 ಗಂಟೆಗೆ ಇಬ್ಬರ ಹೆಸರಿಗೂ ಬುಕಿಂಗ್ ಬಂದು ಒಬ್ಬ ಪೇಶಂಟ್ ಹೊರಗೆ ಕೂರಬೇಕಿತ್ತು. ಇನ್ನೊಂದು, 7ಕ್ಕೆ ಮುಚ್ಚುತ್ತೇವೆ ಅಂದರೆ ಸಾಲದು. 6:30ಕ್ಕೆ ಚೆಕಪ್ ತೋರಿಸಬಹುದು, ರೂಟ್ ಕೆನಾಲ್ ತೋರಿಸಬಾರದು ಅಂತ ಉದಾಹರಣೆ ಸಮೇತ ಬರೆದೆ. ಒಂದು ತಕರಾರೂ ಬರಲಿಲ್ಲ.

ಸಲೂನ್ ಓನರ್: ಅದೃಷ್ಟ ನಿಮ್ಮದು. ನಮ್ಮ ಪುಟದಲ್ಲಿ "ಎಸ್ಸೆಮ್ಮೆಸ್ ರಿಮೈಂಡರ್" ಅಂತ ಸ್ಪಷ್ಟವಾಗಿಯೇ ಇತ್ತು. ಆ್ಯಪ್ ಮುಗಿದ ಮೇಲೆ ಆ ಮಹಾಶಯ, "ಡಿಎಲ್‌ಟಿ ರಿಜಿಸ್ಟ್ರೇಷನ್ ನೀವೇ ಮಾಡಿಸಿ" ಅಂದ. ಅಂದರೆ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸೋಕೆ ಮೊದಲು ಟೆಲಿಕಾಂ ಕಂಪನಿಯಲ್ಲಿ ಅಂಗಡಿ ಹೆಸರು ನೋಂದಾಯಿಸೋದು. ಅದಕ್ಕೆ ಅಂಗಡಿ ದಾಖಲೆ ಕೊಡಬೇಕು, ಕಳಿಸುವ ಮೆಸೇಜಿನ ಒಕ್ಕಣೆಗೂ ಮೊದಲೇ ಒಪ್ಪಿಗೆ ಬೇಕು. ಒಂದು ಪದ ಬದಲಾಗಿದ್ದಕ್ಕೆ ಮೆಸೇಜ್ ಹೋಗಲೇ ಇಲ್ಲ. ಮೇಲೆ ಪ್ರತಿ ಮೆಸೇಜಿಗೂ ದುಡ್ಡು. ದೀಪಾವಳಿ ಸೀಸನ್ ಪೂರ್ತಿ ಹುಡುಗಿ ಕೂತು ಫೋನ್ ಮಾಡಿದಳು. ಅಡ್ವಾನ್ಸ್ ಕೊಡಲೇಬೇಡಿ ಇವರಿಗೆ!

ಕೋಡ್ ಕುಟ್ಟುವವ: ಅಂಗಡಿ ದಾಖಲೆ ನಿಮ್ಮದು, ರಿಜಿಸ್ಟ್ರೇಷನ್ ಅವನು ಹೇಗೆ ಮಾಡಿಸಬೇಕು ಸ್ವಾಮಿ? "ಯಾರು ಮಾಡಿಸೋದು, ಯಾರು ದುಡ್ಡು ಕಟ್ಟೋದು" ಅಂತ ಪುಟದಲ್ಲಿ ಇರಬೇಕಿತ್ತು. ನನಗೆ ಬೇಕಾಗಿರೋದು ಪರೀಕ್ಷೆ ಮಾಡಿ ನೋಡಬಹುದಾದ ಸಾಲು. "ಆ್ಯಪ್ ಫಾಸ್ಟ್ ಇರಬೇಕು" ಅಂದರೆ ಏನು ಮಾಡಲಿ? "ಎರಡು ಫೋನಲ್ಲಿ ಒಂದೇ ಸ್ಲಾಟ್ ಒಟ್ಟಿಗೆ ಒತ್ತುತ್ತೇವೆ, ಒಬ್ಬರಿಗೆ ಮಾತ್ರ ಸಿಗಬೇಕು" ಅಂತ ಬರೆಯಿರಿ. ಸ್ಲಾಟ್ ಖಾಲಿ ಅಂತ ಸ್ಕ್ರೀನಲ್ಲಿ ತೋರಿಸೋದು ಸುಲಭ. ತಡೆ ಡೇಟಾಬೇಸಲ್ಲೇ ಇರದಿದ್ದರೆ ಇಬ್ಬರಿಗೂ "ಕನ್ಫರ್ಮ್" ಬರುತ್ತೆ.

ಸಲೂನ್ ಓನರ್: ಅದನ್ನೂ ನಾವೇ ಹೇಳಿಕೊಡಬೇಕು ಅಂದರೆ ನಿಮಗೆ ದುಡ್ಡು ಯಾಕೆ?

ಕೋಡ್ ಕುಟ್ಟುವವ: ಅಡ್ವಾನ್ಸ್ ಇಲ್ಲದೆ ನೀವು ಮದುಮಗಳ ಮೇಕಪ್ ಬುಕ್ ಮಾಡ್ತೀರಾ?

ಟ್ಯೂಷನ್ ಮೇಷ್ಟ್ರು: ಸುಮ್ನೆ ಜಗಳ ಯಾಕೆ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್ ಕಟ್ಟಿ, ಆ್ಯಪ್ ಹಾಕಿ, ಮುಗೀತು. ನಮ್ಮದು 2021ರಿಂದ ಇದೆ.

ಕೋಡ್ ಕುಟ್ಟುವವ: ಈಗ ಹಾಗಿಲ್ಲ ಮೇಷ್ಟ್ರೇ. ಹೊಸ ಪರ್ಸನಲ್ ಅಕೌಂಟ್ ಆದರೆ ಮೊದಲು 12 ಜನ ಸತತ 14 ದಿನ ಟೆಸ್ಟಿಂಗಲ್ಲಿ ಇರಬೇಕು. ಕೊನೇ ತಾರೀಕು ಬರೆಯುವಾಗ ಅದನ್ನೂ ಸೇರಿಸಿ. ಅಕೌಂಟ್ ಮಾತ್ರ ನಿಮ್ಮ ಹೆಸರಲ್ಲೇ ಇರಲಿ.

ಕೇಳಿದವರು: ನಾವು ಮನೆಗೂ ಹೋಗಿ ಥೆರಪಿ ಕೊಡ್ತೀವಿ. ದಾರಿಯ ಟೈಮ್?

ಹಲ್ಲಿನ ಡಾಕ್ಟರಮ್ಮ: ಈ ಸಲ ಬಿಟ್ಟುಬಿಡಿ. "ಮನೆ ಭೇಟಿ ಆ್ಯಪಲ್ಲಿ ಇಲ್ಲ, ಫೋನಲ್ಲೇ. ಆ ಹೊತ್ತಿನ ಸ್ಲಾಟ್‌ಗಳನ್ನು ರಿಸೆಪ್ಷನ್‌ನವರು ಮುಚ್ಚುವಂತಿರಬೇಕು" ಅಂತ ಬರೆಯಿರಿ.

ಸಲೂನ್ ಓನರ್: ಆ ಮುಚ್ಚೋ ಬಟನ್‌ಗೂ ಬೇರೆ ಬಿಲ್ ಬರುತ್ತೆ, ನೋಡ್ತಾ ಇರಿ.