ಸಹಾಯ ಬೇಕು: ದೊಡ್ಡಪ್ಪನ ಫಾರ್ವರ್ಡ್‌ಗಳಿಗೆ ಕಡಿವಾಣ ಹೇಗೆ?

ಮನೆಯ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪ ದಿನಾ ಫಾರ್ವರ್ಡ್ ಸುರಿಯುತ್ತಾರೆ. ಶುಭೋದಯದ ಹೂವಿಗೆ ತಕರಾರಿಲ್ಲ. 'ಹೃದಯಾಘಾತವಾದರೆ ಜೋರಾಗಿ ಕೆಮ್ಮಿ, ಬದುಕುತ್ತೀರಿ' ಎಂಬಂಥದ್ದೇ ಭಯ. ಕೆಮ್ಮುತ್ತ ಕೂತರೆ 108ಕ್ಕೆ ಫೋನ್ ಮಾಡುವ ಹೊತ್ತು ಕಳೆದುಹೋಗುತ್ತದೆ.

ಗ್ರೂಪಿನಲ್ಲೇ ತಿದ್ದಿದರೆ ಮಕ್ಕಳು, ಸೊಸೆಯಂದಿರ ಮುಂದೆ ಮರ್ಯಾದೆ ಹೋಯಿತೆಂದು ಹಠ ಹಿಡಿಯುತ್ತಾರೆ. ಹಾಗಾಗಿ ಅಡ್ಮಿನ್ ಮೊದಲು ಆ ಸಂದೇಶವನ್ನು ಯಾರಿಗೂ ಕಾಣದಂತೆ ಡಿಲೀಟ್ ಮಾಡಿ, ಆಮೇಲೆ ಅವರೊಬ್ಬರಿಗೇ ಫೋನ್ ಮಾಡಿ ಜೋಡಿ ಬಾಣದ ಗುರುತಿನ ಬಗ್ಗೆ ಹೇಳುತ್ತಾರೆ: ಅದಿದ್ದರೆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ. ಆದರೆ ಕಾಪಿ ಮಾಡಿ ಹಾಕಿದರೆ ಆ ಗುರುತು ಬರುವುದಿಲ್ಲ, ಅದನ್ನೂ ಕಲಿತುಬಿಟ್ಟಿದ್ದಾರೆ! ಅಡ್ಮಿನ್ ಮಾತ್ರ ಬರೆಯುವ ಹಾಗೆ ಬದಲಿಸಿದರೆ ಎಲ್ಲರ ಬಾಯಿಯೂ ಬಂದ್.

'ದೊಡ್ಡಪ್ಪ, ಔಷಧಿ ವಿಷಯ ಮೊದಲು ನನಗೊಬ್ಬನಿಗೆ ಕಳಿಸಿ, ವಿಚಾರಿಸಿ ಹೇಳ್ತೀನಿ. ಅಲ್ಲೀವರೆಗೆ ಗ್ರೂಪಿಗೆ ಬೇಡ' ಎಂದರೆ ಒಪ್ಪಿಯಾರೇ? ಇದಕ್ಕಿಂತ ನಯವಾದ, ಆದರೂ ಗಟ್ಟಿಯಾದ ಮಾತಿದ್ದರೆ ತಿಳಿಸಿ.