ಚಿಕ್ಕಪ್ಪನ ಚಿಕಿತ್ಸೆಗೆ ದುಡ್ಡು ಕೇಳಬೇಕು, ಹೇಗೆ ಬರೆಯುವುದು?

ಕೇಳಿದವರು: ನಮ್ಮ ಚಿಕ್ಕಪ್ಪನಿಗೆ 52 ವರ್ಷ, ಎಲೆಕ್ಟ್ರಿಕಲ್ ಅಂಗಡಿ ಇದೆ. ಗಿಲಿಯನ್ ಬಾರೆ ಸಿಂಡ್ರೋಮ್ ಅಂತೆ, ಕೈಕಾಲು ಆಡುತ್ತಿಲ್ಲ, ಆರು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಆಸ್ಪತ್ರೆ ಅಂದಾಜು 9.5 ಲಕ್ಷ. ಸಹಾಯ ಕೇಳಲೇಬೇಕು. ತಮ್ಮ ಒಬ್ಬ ಐಸಿಯು ಫೋಟೋ ಹಾಕಿ ಪೋಸ್ಟರ್ ಮಾಡಿದ್ದಾನೆ, ನೋಡಿ ಚಿಕ್ಕಮ್ಮ ಅತ್ತರು. ನಂಬಿಕೆಯೂ ಬರಬೇಕು, ಅವರ ಮರ್ಯಾದೆಯೂ ಉಳಿಯಬೇಕು. ಮಾಡಿದವರು ಯಾರಾದರೂ ಇದ್ದೀರಾ?

ಮಂಡ್ಯದಿಂದ: ನಿಜ ಹೇಳ್ತೀನಿ, ಐಸಿಯು ಫೋಟೋ ಇಲ್ಲದಿದ್ದರೆ ಜನ ಮುಂದಕ್ಕೆ ಕಳಿಸುವುದೇ ಇಲ್ಲ. ಆಧಾರ್, ಪಾಸ್‌ಬುಕ್, ಎಲ್ಲ ರಿಪೋರ್ಟ್ ಹಾಕಿಬಿಡಿ. ಮುಚ್ಚಿಟ್ಟಷ್ಟೂ ಅನುಮಾನ ಜಾಸ್ತಿ. ದುಡ್ಡು ಮಾತ್ರ ಆಸ್ಪತ್ರೆ ಖಾತೆಗೇ ಹೋಗಲಿ, ಬೇರೆ ಯಾವ ಖಾತೆಯೂ ಬೇಡ.

ಆಸ್ಪತ್ರೆಯಲ್ಲಿ ಸೋಶಿಯಲ್ ವರ್ಕರ್ ಆಗಿದ್ದವರು: ಮೊದಲು ಒಂದು ವಿಷಯ. ಈ ಕಾಯಿಲೆಯಲ್ಲಿ ನರ ಸೋಲುತ್ತದೆ, ಬುದ್ಧಿ ಸೋಲುವುದಿಲ್ಲ. ಮಂಪರಿನ ಔಷಧಿ ಕೊಡದಿದ್ದರೆ ನಿಮ್ಮ ಚಿಕ್ಕಪ್ಪನಿಗೆ ಎಲ್ಲ ಕೇಳಿಸುತ್ತಿರುತ್ತದೆ, ಅರ್ಥವೂ ಆಗುತ್ತಿರುತ್ತದೆ. ಹಾಗಾಗಿ ಅವರನ್ನೇ ಕೇಳಿ. ಒಂದು ಸಲ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ಮುಖದ ಸ್ನಾಯುವೂ ಸೋತು ರೆಪ್ಪೆ ಮುಚ್ಚಲಾಗದಿದ್ದರೆ ಕಣ್ಣನ್ನು ಮೇಲೆ, ಕೆಳಗೆ ಆಡಿಸಲಿ. ನರ್ಸ್‌ಗಳಿಗೆ ಇದು ಗೊತ್ತಿರುತ್ತದೆ, ಸಹಾಯ ಮಾಡುತ್ತಾರೆ. ಬೇರೆ ಬೇರೆಯಾಗಿ ಕೇಳಿ: ಸಹಾಯ ಕೇಳಬಹುದಾ, ಹೆಸರು ಹಾಕಬಹುದಾ, ಫೋಟೋ ಹಾಕಬಹುದಾ, ಕಾಯಿಲೆ ಹೆಸರು ಬರೆಯಬಹುದಾ. ಎಲ್ಲ ಸೇರಿಸಿ ಒಂದೇ ಸಲ ಕೇಳಿದರೆ ಪಾಪ, ಹೌದು ಅನ್ನದೆ ಬೇರೆ ದಾರಿ ಇರುವುದಿಲ್ಲ.

ನಂಬಿಕೆ ತರುವುದು ಫೋಟೋ ಅಲ್ಲ, ಲೆಕ್ಕ. ಲೆಟರ್‌ಹೆಡ್ ಮೇಲೆ, ಸೀಲು, ಸಹಿ, ತಾರೀಕು ಇರುವ ಅಂದಾಜು ಪತ್ರ ತಗೊಳ್ಳಿ. ಅದರಲ್ಲಿ ಒಳರೋಗಿ ನಂಬರ್ ಇರಲಿ. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರೆದು ಕೊಟ್ಟರೆ ಬಿಡಿಸಿ ಕೊಡಿ ಅಂತ ಕೇಳಿ: ಐಸಿಯು ದಿನಕ್ಕೆ ಎಷ್ಟು, ಎಷ್ಟು ದಿನ, ಇಮ್ಯುನೋಗ್ಲೋಬುಲಿನ್ ಎಷ್ಟು. ಆ ಔಷಧಿಯನ್ನು ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕೆಜಿಗೆ 2 ಗ್ರಾಂ ಲೆಕ್ಕದಲ್ಲಿ, ಐದು ದಿನಕ್ಕೆ ಹಂಚಿ ಕೊಡುತ್ತಾರೆ. 60 ಕೆಜಿ ತೂಕ ಇದ್ದರೆ 120 ಗ್ರಾಂ, ಅಂದರೆ 5 ಗ್ರಾಂ ಬಾಟಲಿ 24. ತಿಳಿದವರು ಯಾರಾದರೂ ಈ ಲೆಕ್ಕ ನೋಡಿದರೆ ಸುಳ್ಳೋ ನಿಜವೋ ಕೂಡಲೇ ಹೇಳುತ್ತಾರೆ.

ಅಂದಾಜು ಪತ್ರ ಹಾಕುವಾಗ ಮನೆ ವಿಳಾಸ, ಫೋನ್ ನಂಬರ್, ಹಳೇ ಕಾಯಿಲೆಗಳ ಪಟ್ಟಿ ಮುಚ್ಚಿ. ಒಳರೋಗಿ ನಂಬರ್ ಮುಚ್ಚಬೇಡಿ. ಪೆನ್‌ನಲ್ಲಿ ಗೀಚಿದರೆ ಕೆಲವೊಮ್ಮೆ ಬೆಳಕಿಗೆ ಕಾಣುತ್ತದೆ, ಬಿಳಿ ಚೀಟಿ ಅಂಟಿಸಿ ಫೋಟೋ ತೆಗೆಯಿರಿ. ರಕ್ತ ಪರೀಕ್ಷೆ, ಎಂಆರ್‌ಐ ರಿಪೋರ್ಟ್ ಯಾವುದೂ ಬೇಡ. ಆಧಾರ್ ಅಂತೂ ಬೇಡವೇ ಬೇಡ. ಸಹಿ ಮಾಡಿದ ಚೆಕ್ ಹಾಳೆಯ ಫೋಟೋನೂ ಹಾಕಬೇಡಿ.

ಶಿರಸಿಯಿಂದ: ನಿಮ್ಹಾನ್ಸ್‌ಗೆ ಯಾಕೆ ಕರೆದುಕೊಂಡು ಹೋಗಲಿಲ್ಲ? ಅಲ್ಲಿ ಇಷ್ಟೆಲ್ಲ ಆಗುವುದಿಲ್ಲ.

ಕೇಳಿದವರು: ಈ ಸ್ಥಿತಿಯಲ್ಲಿ ಸಾಗಿಸುವುದು ಬೇಡ ಅಂದರು ಡಾಕ್ಟರ್. ಈಗ ಅದನ್ನು ಮತ್ತೆ ಯೋಚಿಸುವ ಶಕ್ತಿ ಇಲ್ಲ. ಖಾತೆ ಯಾರ ಹೆಸರಿನಲ್ಲಿರಬೇಕು, ಅದು ಹೇಳಿ. ಚಿಕ್ಕಪ್ಪನದೇ ಕೊಡೋಣ ಅಂತಿದ್ದೆವು.

ತುಮಕೂರಿನಿಂದ, ಅಮ್ಮನಿಗೆ ಮಾಡಿದವರು: ಅವರ ಖಾತೆ ಕೊಡಬೇಡಿ. ಸಹಿ ಮಾಡುವ ಹಾಗಿಲ್ಲ, ಬಂದ ದುಡ್ಡು ತೆಗೆಯುವುದು ಯಾರು? ನಾವು ಅದೇ ತಪ್ಪು ಮಾಡಿ ಒಂದು ವಾರ ಒದ್ದಾಡಿದೆವು. ಚಿಕ್ಕಮ್ಮನ ಹೆಸರಿನಲ್ಲಿ ಇದಕ್ಕೇ ಅಂತ ಒಂದು ಹೊಸ ಖಾತೆ ತೆಗೆಯಿರಿ. ಅವರ ಹಳೇ ಖಾತೆಯೇ ಸಾಕು ಅಂತಿದ್ದರೆ ಮೊದಲು ಬ್ಯಾಂಕಿನಲ್ಲಿ ಕೇಳಿ. ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆ ಆಗಿದ್ದರೆ ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಜಮಾ ಆಗುವುದಿಲ್ಲ.

ಇನ್ನೊಂದು ಅನುಭವ. ನಮ್ಮ ಪೋಸ್ಟರನ್ನೇ ಯಾರೋ ಕದ್ದು, ಕ್ಯೂಆರ್ ಕೋಡ್ ಮಾತ್ರ ಬದಲಿಸಿ ಹರಿಬಿಟ್ಟಿದ್ದರು. ಅಮ್ಮನ ಫೋಟೋ, ಅಮ್ಮನ ಕಥೆ, ದುಡ್ಡು ಇನ್ಯಾರಿಗೋ. ಗೊತ್ತಾಗಿದ್ದು ಹೇಗೆ ಅಂದರೆ, ನಮ್ಮ ಮಾವ ದುಡ್ಡು ಕಳಿಸಲು ಹೋದಾಗ ಫೋನ್‌ನಲ್ಲಿ ಗುರುತೇ ಇಲ್ಲದ ಹೆಸರು ಬಂತು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆಮೇಲೆ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು: "ಕಳಿಸುವಾಗ ಈ ಹೆಸರೇ ಬರಬೇಕು. ಬೇರೆ ಬಂದರೆ ಕಳಿಸಬೇಡಿ." ಹೆಸರು ಬ್ಯಾಂಕಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಮನೆಯಲ್ಲಿ ಕರೆಯುವ ಹೆಸರಲ್ಲ.

ಸೋಶಿಯಲ್ ವರ್ಕರ್: ಮಂಡ್ಯದವರು ಹೇಳಿದ ಆಸ್ಪತ್ರೆ ಖಾತೆಯ ಮಾತು ಅರ್ಧ ಸರಿ. ಬಿಲ್ಲಿಂಗ್‌ನಲ್ಲಿ ಕೇಳಿ ಆಸ್ಪತ್ರೆಯ ಖಾತೆ ವಿವರ ಬರಹದಲ್ಲಿ ತಗೊಳ್ಳಿ. ಕಳಿಸುವವರು ಷರಾದಲ್ಲಿ ಒಳರೋಗಿ ನಂಬರ್ ಬರೆಯಲಿ, ಇಲ್ಲದಿದ್ದರೆ ಯಾರ ದುಡ್ಡು ಅಂತ ಅಲ್ಲಿ ತಿಳಿಯುವುದಿಲ್ಲ. ರಾತ್ರಿ ಒಮ್ಮೆ ಜಮಾ ಪಟ್ಟಿ ಕೇಳಿ ತಾಳೆ ನೋಡಿ. ಆದರೆ ಹೊರಗಿನ ಔಷಧಿ, ಆಮೇಲೆ ತಿಂಗಳುಗಟ್ಟಲೆ ಬೇಕಾಗುವ ಫಿಜಿಯೋಥೆರಪಿ ಇವೆಲ್ಲ ಆಸ್ಪತ್ರೆ ಖಾತೆಯಿಂದ ಆಗುವುದಿಲ್ಲ. ಹಾಗಾಗಿ ಎರಡೂ ಕೊಡಿ, ಯಾವುದು ಯಾಕೆ ಅಂತ ಬರೆದು.

ಬ್ಯಾಂಕ್ ವಿವರ ಚಿತ್ರದಲ್ಲಷ್ಟೇ ಅಲ್ಲ, ಕೆಳಗೆ ಅಕ್ಷರದಲ್ಲೂ ಇರಲಿ, ಕಾಪಿ ಮಾಡಿಕೊಳ್ಳಲು. IFSC ಕೋಡ್‌ನ ಐದನೇದು ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಬಹಳ ಜನ ಅಲ್ಲೇ ಎಡವುತ್ತಾರೆ. ಹರಿಬಿಡುವ ಮೊದಲು ಬೇರೆಯವರ ಫೋನ್‌ನಿಂದ ಒಂದು ರೂಪಾಯಿ ಕಳಿಸಿ ನೋಡಿ.

ಕೇಳಿದವರು: ಹೀಗೆ ಬರೆದಿದ್ದೇನೆ, ನೋಡಿ:

"ನಮ್ಮ ಚಿಕ್ಕಪ್ಪ ನರಗಳ ತೊಂದರೆಯಿಂದ ಐಸಿಯುನಲ್ಲಿದ್ದಾರೆ. ಗುಣವಾಗುವ ಸಾಧ್ಯತೆ ಚೆನ್ನಾಗಿದೆ, ಸಮಯ ಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಅಂದಾಜು 9.5 ಲಕ್ಷ. ನಾವು ಕಟ್ಟಿದ್ದು 2.6 ಲಕ್ಷ. ವಿಮೆಯಿಂದ 3 ಲಕ್ಷ. ಬೇಕಾಗಿರುವುದು 3.9 ಲಕ್ಷ. ಅಷ್ಟು ಬಂದ ದಿನ ನಿಲ್ಲಿಸಿ ತಿಳಿಸುತ್ತೇವೆ. ಉಳಿದರೆ ಫಿಜಿಯೋಥೆರಪಿಗೆ ಮಾತ್ರ. ಅಂದಾಜು ಪತ್ರ, ಕಟ್ಟಿದ ರಸೀದಿ ಜೊತೆಗಿವೆ. ಲೆಕ್ಕ ಪ್ರತಿ ಭಾನುವಾರ."

ತುಮಕೂರಿನಿಂದ: ಚೆನ್ನಾಗಿದೆ. ತಾರೀಕು ಹಾಕಿ. ಅಮ್ಮ ಮನೆಗೆ ಬಂದು ವರ್ಷವಾದ ಮೇಲೂ ನಮ್ಮ ಪೋಸ್ಟರ್ ಓಡಾಡುತ್ತಿತ್ತು. ಮತ್ತೆ, ಚಿಕ್ಕಮ್ಮನ ನಂಬರ್ ಕೊಡಬೇಡಿ, ದಿನಕ್ಕೆ ಐವತ್ತು ಜನರಿಗೆ ಅದೇ ಕಥೆ ಹೇಳಿ ಸುಸ್ತಾಗುತ್ತಾರೆ. ನಿಮ್ಮ ನಂಬರ್ ಕೊಡಿ.

ಮಂಡ್ಯದಿಂದ: ಕೊಟ್ಟವರ ಹೆಸರು, ಮೊತ್ತ ದಿನಾ ಹಾಕಿದರೆ ಉಳಿದವರಿಗೂ ಕೊಡಬೇಕು ಅನಿಸುತ್ತದೆ.

ಸೋಶಿಯಲ್ ವರ್ಕರ್: ನೂರು ರೂಪಾಯಿ ಕೊಟ್ಟವರಿಗೆ ಅದು ಮುಜುಗರ. ಒಟ್ಟು ಮೊತ್ತ, ಎಷ್ಟು ಜನ, ಅಷ್ಟು ಸಾಕು ಅಂತ ನನ್ನ ಲೆಕ್ಕ. ಫೋಟೋ ಬಗ್ಗೆಯೂ ಒಂದು ಮಾತು ಒಪ್ಪಬೇಕು. ಐಸಿಯು ಫೋಟೋ ಇದ್ದರೆ ದುಡ್ಡು ಬೇಗ ಬರುವುದು ನಾನೂ ನೋಡಿದ್ದೇನೆ. ಆದರೂ ನಾನು ಹಾಕಿಸುತ್ತಿರಲಿಲ್ಲ.

ತುಮಕೂರಿನಿಂದ: ತೆರಿಗೆ ಬಗ್ಗೆ ಒಬ್ಬ ಆಡಿಟರ್‌ನ ಕೇಳಿಬಿಡಿ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000ಕ್ಕಿಂತ ಜಾಸ್ತಿ ಬಂದರೆ ಆದಾಯ ಅಂತ ಹಿಡಿಯುವ ನಿಯಮ ಇದೆ. ಚಿಕಿತ್ಸೆ ಬಿಲ್ಲು ತೋರಿಸಿದರೆ ಸಾಕು ಅಂತ ಒಬ್ಬರು ನಮಗೆ ಹೇಳಿದರು, ಸಾಲದು ಅಂತ ಇನ್ನೊಬ್ಬರು. ಬಿಲ್ಲುಗಳನ್ನಂತೂ ಎಸೆಯಬೇಡಿ.

ಕೇಳಿದವರು: ಸಂಜೆ ಐಸಿಯು ಒಳಗೆ ಬಿಟ್ಟರು. ಸಹಾಯ ಕೇಳಬಹುದಾ ಅಂದಿದ್ದಕ್ಕೆ ಚಿಕ್ಕಪ್ಪ ಒಂದು ಸಲ ಕಣ್ಣು ಮುಚ್ಚಿದರು. ತಮ್ಮನ ಪೋಸ್ಟರ್ ತೋರಿಸಿದಾಗ ಎರಡು ಸಲ, ಬಿಟ್ಟು ಮತ್ತೆ ಎರಡು ಸಲ. ಅಂಗಡಿ ಮುಂದೆ ಟೆಸ್ಟರ್ ಜೇಬಿಗೆ ಸಿಕ್ಕಿಸಿಕೊಂಡು ನಿಂತ ಹಳೇ ಫೋಟೋ ತೋರಿಸಿದೆವು, ಒಂದು ಸಲ. ಕಾಯಿಲೆ ಹೆಸರು ಬರೆಯಬಹುದಾ ಅಂತ ಕೇಳುವಷ್ಟರಲ್ಲಿ ನಿದ್ದೆ ಹತ್ತಿತ್ತು. ನಾಳೆ ಕೇಳುತ್ತೇವೆ.